ಹತ್ತಲ್ಲ, ಹನ್ನೊಂದೂವರೆ: ಮೆಕ್ಕೆಜೋಳದ ತೂಕದ ಲೆಕ್ಕದಲ್ಲಿ ನನ್ನ ಅನುಭವ

ಹಸಿ ಮೆಕ್ಕೆಜೋಳ ಕೊಂಡು, ಒಣಗಿಸಿ ಮಾರುವ ಅಂಗಡಿಯ ಲೆಕ್ಕದಲ್ಲಿ ಕೊಂಡ ತೂಕವೂ ಮಾರಿದ ತೂಕವೂ ಯಾವತ್ತೂ ಒಂದೇ ಬರುವುದಿಲ್ಲ. ಬರಬಾರದು ಕೂಡ. ನಡುವೆ ನೀರು ಆರಿ ಹೋಗಿರುತ್ತದೆ. ಎಷ್ಟು ಹೋಗಬೇಕಿತ್ತು, ಎಷ್ಟು ಹೋಗಿದೆ, ಮಿಕ್ಕಿದ್ದು ಎಲ್ಲಿ ಎಂದು ಹೇಳುವುದು ಲೆಕ್ಕ ಬರೆಯುವವರ ಕೆಲಸ. ನಾನು ದಾವಣಗೆರೆಯ ಒಂದು ಧಾನ್ಯದ ಅಂಗಡಿಯಲ್ಲಿ ಈ ಕೆಲಸ ಮಾಡುತ್ತೇನೆ. ಬಿ.ಕಾಂ. ಮುಗಿಸಿ ಸೇರಿದ ಮೊದಲ ಸುಗ್ಗಿ, 2024ರದು. ಆ ಸುಗ್ಗಿಯ ಲೆಕ್ಕ ಒಂದು ಸಣ್ಣ ಮಾತಿನಿಂದ ಹೇಗೆ ಬಗೆಹರಿಯಿತು ಅನ್ನುವುದನ್ನು ಅಂಕಿ ಸಮೇತ ಬರೆಯುತ್ತಿದ್ದೇನೆ. ನಮ್ಮ ಕಡೆ ಇದೇ ವ್ಯಾಪಾರ ಮಾಡುವವರು ತುಂಬಾ ಜನ ಇದ್ದಾರೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಮೊದಲು ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ. ಮಳೆಗಾಲದ ಬೆಳೆ ಅಕ್ಟೋಬರ್‌ನಿಂದ ಬರೋಕೆ ಶುರುವಾಗುತ್ತದೆ. ಶುರುವಿನಲ್ಲಿ ಬರುವ ಕಾಳು ತುಂಬಾ ಹಸಿ. ಬರಬರುತ್ತಾ ಹಸಿ ಕಮ್ಮಿಯಾಗುತ್ತದೆ. ಕೊಳ್ಳುವಾಗ ತೂಕ ಹಾಕಿ, ಮೀಟರಿನಲ್ಲಿ ಮಾಯಿಶ್ಚರ್, ಅಂದರೆ ನೂರು ಕೆಜಿ ಕಾಳಿನಲ್ಲಿ ಎಷ್ಟು ಕೆಜಿ ನೀರಿದೆ ಅಂತ ನೋಡಿ, ಅದರ ಮೇಲೆ ರೇಟು ಮಾತಾಡುತ್ತಾರೆ. ಆಮೇಲೆ ಕಣದಲ್ಲಿ ಹರವಿ ಒಣಗಿಸಿ, ಗೋದಾಮಿಗೆ ತುಂಬಿ, ಕೋಳಿ ಆಹಾರ ಮಾಡುವ ಫ್ಯಾಕ್ಟರಿಗಳಿಗೆ ಲಾರಿ ಕಳಿಸುತ್ತಾರೆ. ಮಾರುವ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಅಂಕಿ, 14. ಸರ್ಕಾರದ ಬೆಂಬಲ ಬೆಲೆ ಖರೀದಿಗೂ ಮಾಯಿಶ್ಚರ್ 14ರ ಒಳಗೇ ಇರಬೇಕು.

ನಮ್ಮ ಅಂಗಡಿಯಲ್ಲಿ ಹಿಂದಿನಿಂದ ನಡೆದುಕೊಂಡು ಬಂದಿದ್ದ ರೂಢಿ ಹೀಗಿತ್ತು: ಒಂದು ಪಾಯಿಂಟ್ ಮಾಯಿಶ್ಚರ್ ಇಳಿದರೆ ಒಂದು ಪರ್ಸೆಂಟ್ ತೂಕ ಕಳೆ. 24 ಇದ್ದದ್ದು 14ಕ್ಕೆ ಬಂದರೆ ಹತ್ತು ಪರ್ಸೆಂಟ್. ಬಾಯಲ್ಲೇ ಹೇಳಬಹುದಾದ ಲೆಕ್ಕ, ಅದಕ್ಕೇ ಎಲ್ಲರಿಗೂ ಇಷ್ಟ.

ಅಂಕಿಗಳನ್ನು ಇಲ್ಲಿ ಹತ್ತಿರದ ಪೂರ್ಣ ಸಂಖ್ಯೆಗೆ ತಂದು ಕೊಡುತ್ತಿದ್ದೇನೆ, ಓದೋಕೆ ಸುಲಭ ಆಗಲಿ ಅಂತ. ಆ ಸುಗ್ಗಿಯಲ್ಲಿ ಕೊಂಡಿದ್ದು 4,500 ಕ್ವಿಂಟಲ್. ಅದರಲ್ಲಿ 1,500 ಕ್ವಿಂಟಲ್ 24 ಮಾಯಿಶ್ಚರಿನದು, 2,000 ಕ್ವಿಂಟಲ್ 20ರದು, ಕೊನೆಗೆ ಬಂದ 1,000 ಕ್ವಿಂಟಲ್ 16ರದು. ಅಂಗಡಿಯ ರೂಢಿಯ ಪ್ರಕಾರ ಕಳೆಯಬೇಕಾದ್ದು 150, 120, 20, ಒಟ್ಟು 290 ಕ್ವಿಂಟಲ್. ಅಂದರೆ ಒಣಗಿದ ಮೇಲೆ 4,210 ಇರಬೇಕು. ಫೆಬ್ರವರಿ ಹೊತ್ತಿಗೆ ಮಾರಿದ್ದನ್ನೂ ಗೋದಾಮಿನಲ್ಲಿ ಉಳಿದದ್ದನ್ನೂ ಕೂಡಿಸಿದರೆ ಸಿಕ್ಕಿದ್ದು 4,128. ಕಮ್ಮಿ ಬಿದ್ದದ್ದು 82 ಕ್ವಿಂಟಲ್. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲಿಗೆ 2,225 ರೂಪಾಯಿ. ಆ ರೇಟು ಹಿಡಿದರೆ 1,82,450 ರೂಪಾಯಿಯ ಮಾಲು.

ಇಷ್ಟು ಮಾಲು ಕಾಣೆಯಾದರೆ ಯಜಮಾನರು ಸುಮ್ಮನೆ ಇರುತ್ತಾರಾ? ಅವರ ಅನುಮಾನ ನೇರವಾಗಿ ಗೋದಾಮು ನೋಡಿಕೊಳ್ಳುವ ಅಣ್ಣನ ಮೇಲೆ ಹೋಯಿತು. ಕೀಲಿ ಇರುವುದು ಅವರ ಹತ್ತಿರ. ಹಗಲು ಕಣದಲ್ಲಿ ಕಾಳು ತಿರುವಿ ಹಾಕಿಸುವವರು, ಮೋಡ ಬಂದರೆ ತಾಡಪಾಲು ಹೊದಿಸಲು ಓಡುವವರು, ಎಲ್ಲ ಅವರೇ. "ಮಾರ್ಚ್ ಲೆಕ್ಕ ಮುಗಿಯೋದರೊಳಗೆ ಇದು ಯಾರ ತಲೆ ಮೇಲೆ ಅಂತ ಬರೆದು ಕೊಡಮ್ಮಾ" ಎಂದು ಯಜಮಾನರು ನನಗೆ ಹೇಳಿದರು. ನಾನು ಹೂಂ ಅಂದೆ. ಆದರೆ ಬರೆಯಲು ಕೈ ಬರಲಿಲ್ಲ. ಲೆಕ್ಕದಲ್ಲಿ ಏನೋ ಸರಿ ಇಲ್ಲ ಅನ್ನಿಸುತ್ತಿತ್ತು. ಏನು ಅಂತ ಗೊತ್ತಿರಲಿಲ್ಲ, ಯಾರನ್ನಾದರೂ ಕೇಳೋಣ ಎಂದರೆ ನನಗೆ ಹೊಸಬರ ಹತ್ತಿರ ಮಾತಾಡುವುದೇ ಕಷ್ಟ. ಫೋನ್ ಬಂದರೂ ಮೊದಲು ಏನು ಹೇಳಬೇಕು ಅಂತ ಮನಸ್ಸಿನಲ್ಲಿ ಒಂದು ಸಲ ಹೇಳಿಕೊಂಡೇ ಎತ್ತುತ್ತಿದ್ದೆ.

ಅದೇ ವಾರ ಪಿ.ಬಿ. ರಸ್ತೆಯ ಒಂದು ಸಭಾಂಗಣದಲ್ಲಿ ಮೆಕ್ಕೆಜೋಳದ ವ್ಯಾಪಾರಿಗಳು, ದಲಾಲರು, ಕೊಳ್ಳುವ ಫ್ಯಾಕ್ಟರಿಯವರು ಸೇರುವ ಸಭೆ ಇತ್ತು. ಯಜಮಾನರಿಗೆ ಅವತ್ತು ಮದುವೆಗೆ ಹೋಗಬೇಕಿತ್ತು. "ನೀನು ಹೋಗಿ ಕೂತು ಬಾ, ರೇಟಿನ ಬಗ್ಗೆ ಏನು ಮಾತಾಡ್ತಾರೆ ಕೇಳ್ಕೊಂಡು ಬಾ" ಎಂದು ನನ್ನನ್ನು ಕಳಿಸಿದರು.

ಸಭಾಂಗಣದ ತುಂಬಾ ಗಂಡಸರು, ಜಾಸ್ತಿ ಜನ ಒಬ್ಬರಿಗೊಬ್ಬರು ಗುರುತಿರುವವರು. ನಾನು ಹಿಂದಿನ ಸಾಲಿನಲ್ಲಿ ಗೋಡೆಯ ಪಕ್ಕ ಕೂತೆ. ಗೋದಾಮು ರಸೀದಿ ಇಟ್ಟು ಸಾಲ ತೆಗೆಯುವುದು, ಲಾರಿ ಬಾಡಿಗೆ, ಮುಂದಿನ ತಿಂಗಳ ರೇಟು, ಹೀಗೆ ಮಾತು ನಡೆಯಿತು. ಕೇಳಿದ್ದನ್ನು ಬರೆದುಕೊಂಡೆ. ಟೀ ಬಿಡುವಿನಲ್ಲಿ ಮಿರ್ಚಿ ಮಂಡಕ್ಕಿ ಕೊಟ್ಟರು. ಎಲ್ಲರೂ ಗುಂಪು ಗುಂಪಾಗಿ ನಿಂತರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ತಟ್ಟೆ ಪಕ್ಕಕ್ಕಿಟ್ಟು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಆ 82 ಕ್ವಿಂಟಲನ್ನೇ ಮತ್ತೆ ಲೆಕ್ಕ ಹಾಕುತ್ತಾ ಕೂತೆ.

ಪಕ್ಕದ ಕುರ್ಚಿಗೆ ಟೀ ಹಿಡಿದುಕೊಂಡು ಒಬ್ಬರು ಬಂದು ಕೂತರು. ಐವತ್ತು ದಾಟಿದವರು. ಕೋಳಿ ಆಹಾರದ ಫ್ಯಾಕ್ಟರಿಯೊಂದರಲ್ಲಿ ಲಾರಿ ಬಂದಾಗ ಸ್ಯಾಂಪಲ್ ತೆಗೆದು ಮಾಯಿಶ್ಚರ್ ನೋಡುವ ಕೆಲಸ ಅವರದು ಅಂತ ಆಮೇಲೆ ಗೊತ್ತಾಯಿತು. ಅವರ ಕಣ್ಣು ನನ್ನ ಹಾಳೆಯ ಮೇಲೆ ಬಿತ್ತು. ಅದರಲ್ಲಿ "24 ರಿಂದ 14 = 10%" ಅಂತ ಇತ್ತು.

"ಹತ್ತು ಅಲ್ಲ ತಂಗಿ ಅದು. ಹನ್ನೊಂದೂವರೆ ಮೇಲೆ ಆಗ್ತದೆ" ಎಂದರು.

ನಾನು ಸಾಮಾನ್ಯವಾಗಿ ಇಂಥ ಕಡೆ ತಲೆ ಅಲ್ಲಾಡಿಸಿ ಸುಮ್ಮನಾಗುತ್ತೇನೆ. ಅವತ್ತು ಆ ಗೋದಾಮಿನ ಅಣ್ಣನ ಮುಖ ಮನಸ್ಸಿನಲ್ಲಿತ್ತು. "ಯಾಕೆ ಸಾರ್?" ಎಂದು ಕೇಳಿದೆ.

ಅವರು ನನ್ನ ಪೆನ್ನು ತೆಗೆದುಕೊಂಡರು. "ನೂರು ಕೆಜಿ ಕಾಳು, 24 ಮಾಯಿಶ್ಚರ್. ನೀರು ಎಷ್ಟು?"

"ಇಪ್ಪತ್ನಾಲ್ಕು ಕೆಜಿ."

"ಒಣ ಕಾಳು?"

"ಎಪ್ಪತ್ತಾರು."

"ಬಿಸಿಲಿಗೆ ಹಾಕಿದರೆ ಎಪ್ಪತ್ತಾರರಲ್ಲಿ ಏನಾದ್ರೂ ಹೋಗ್ತದಾ?"

"ಇಲ್ಲ, ನೀರು ಮಾತ್ರ ಹೋಗುತ್ತೆ."

"ಹಾಂ. ಈಗ 14ಕ್ಕೆ ಬಂತು ಅಂದ್ಕೋ. ಅಂದ್ರೆ ಆಗ ಇರೋ ತೂಕದಲ್ಲಿ ಒಣ ಕಾಳು ನೂರಕ್ಕೆ ಎಂಬತ್ತಾರು. ಆ ಎಂಬತ್ತಾರು ಭಾಗವೇ ನಿನ್ನ ಎಪ್ಪತ್ತಾರು ಕೆಜಿ. ಹಂಗಾದ್ರೆ ಒಟ್ಟು ತೂಕ ಎಷ್ಟು?"

76ನ್ನು 86ರಿಂದ ಭಾಗಿಸಿ ನೂರರಿಂದ ಗುಣಿಸಿದೆ. 88.37 ಬಂತು. ಹೋದದ್ದು 11.63 ಕೆಜಿ. ಹತ್ತಲ್ಲ.

"ನೀನು ಕಳೀತಿರೋ 14, ಮೊದಲಿನ ನೂರಕ್ಕೆ 14 ಅಲ್ಲ. ಕೊನೆಗೆ ಉಳಿದಿದ್ದರ 14. ಎರಡೂ ಬೇರೆ ಬೇರೆ ತೂಕದ ಪರ್ಸೆಂಟು, ಅವನ್ನ ಒಂದರಿಂದ ಒಂದು ಕಳೆಯೋಕೆ ಬರಲ್ಲ" ಎಂದರು. ಆಮೇಲೆ ಟೀ ಕುಡಿದು ಮುಗಿಸುತ್ತಾ ಇನ್ನೊಂದು ಮಾತು ಸೇರಿಸಿದರು. "ನಮ್ಮ ಗೇಟಿಗೆ 13, ಹನ್ನೆರಡೂವರೆ ಇರೋ ಲಾರಿನೂ ಬರ್ತಾವೆ. 14ಕ್ಕಿಂತ ಮೇಲಿದ್ರೆ ನಾವು ಕಟ್ ಮಾಡ್ತೀವಿ. ಕೆಳಗಿದ್ರೆ ಜಾಸ್ತಿ ಏನೂ ಕೊಡಲ್ಲ. ನಿಮ್ಮ ಕಡೆ ಅದನ್ನ ಯಾರಾದ್ರೂ ಲೆಕ್ಕ ಇಡ್ತಾರಾ?"

ನಮ್ಮ ಕಡೆ ಯಾರೂ ಇಟ್ಟಿರಲಿಲ್ಲ. ಅಷ್ಟರಲ್ಲಿ ಮೈಕಿನಲ್ಲಿ ಮತ್ತೆ ಮಾತು ಶುರುವಾಯಿತು. ಅವರು ಎದ್ದು ಹೊರಟರು. ನಾನು ಹಿಂದೆ ಹೋಗಿ ಅವರ ನಂಬರ್ ಕೇಳಿದೆ. ನಾನಾಗೇ ಹೋಗಿ ಒಬ್ಬ ಹೊಸಬರನ್ನು ಮಾತಾಡಿಸಿದ್ದು ನನಗೆ ದೊಡ್ಡ ವಿಷಯ. ಅವರು ಬರೆದು ಕೊಟ್ಟು, "ಏನಾದ್ರೂ ಇದ್ರೆ ಸಂಜೆ ಮಾಡಮ್ಮಾ, ಬೆಳಿಗ್ಗೆ ಲಾರಿ ಇರ್ತಾವೆ" ಎಂದರು.

ಅಂಗಡಿಗೆ ವಾಪಸ್ ಬಂದು ಹಳೆಯ ಚೀಟಿಗಳ ಕಟ್ಟು ಬಿಚ್ಚಿದೆ. ಬೇಕಾದ ಅಂಕಿಗಳೆಲ್ಲ ಅಲ್ಲೇ ಇದ್ದವು. ಕೊಳ್ಳುವಾಗ ರೇಟು ಮಾತಾಡಲು ನೋಡಿದ ಮಾಯಿಶ್ಚರ್ ಪ್ರತಿ ಖರೀದಿ ಚೀಟಿಯ ಮೂಲೆಯಲ್ಲಿ ಪೆನ್ನಿನಲ್ಲಿ ಬರೆದಿತ್ತು. ಮಾರಿದ ಲಾರಿಗಳದು ಫ್ಯಾಕ್ಟರಿಯವರು ವಾಪಸ್ ಕಳಿಸಿದ ತೂಕದ ಚೀಟಿಯಲ್ಲಿ ಇತ್ತು. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಗೆ ಹೋಗುವುದು ತೂಕ ಮತ್ತು ರೇಟು ಮಾತ್ರ ಆದ್ದರಿಂದ ಮಾಯಿಶ್ಚರ್ ಚೀಟಿಯಲ್ಲೇ ಉಳಿದು ಕಟ್ಟಿನೊಳಗೆ ಹೋಗುತ್ತಿತ್ತು. ಎಕ್ಸೆಲ್ ತೆಗೆದು ಪ್ರತಿ ಚೀಟಿಗೆ ಒಂದು ಸಾಲು ಹಾಕಿದೆ. ಬಿ ಕಾಲಮ್ಮಿನಲ್ಲಿ ತೂಕ, ಸಿ ಕಾಲಮ್ಮಿನಲ್ಲಿ ಮಾಯಿಶ್ಚರ್, ಡಿ ಕಾಲಮ್ಮಿನಲ್ಲಿ ಇಷ್ಟೇ:

```
=B2*(100-C2)/86
```

ಯಾವುದೇ ಮಾಯಿಶ್ಚರಿನ ಮಾಲನ್ನು 14ರ ತೂಕಕ್ಕೆ ತರುವ ಲೆಕ್ಕ ಇದು. ಕೊಂಡದ್ದಕ್ಕೂ ಇದೇ, ಮಾರಿದ್ದಕ್ಕೂ ಇದೇ, ಗೋದಾಮಿನಲ್ಲಿ ಉಳಿದದ್ದಕ್ಕೂ ಇದೇ. ಎಲ್ಲವನ್ನೂ ಒಂದೇ ಅಳತೆಗೆ ತಂದ ಮೇಲೆ ಮಾತ್ರ ಕೂಡಿಸಿ ಕಳೆದದ್ದಕ್ಕೆ ಅರ್ಥ ಬರುತ್ತದೆ.

ಕೊಂಡ ಮಾಲು ಹೀಗೆ ಬಂತು: 24ರ 1,500 ಕ್ವಿಂಟಲ್ ಒಣಗಿ 1,326 ಆಗಬೇಕು. 20ರ 2,000 ಒಣಗಿ 1,860. 16ರ 1,000 ಒಣಗಿ 977. ಒಟ್ಟು 4,163. ನೀರಾಗಿ ಹೋಗಬೇಕಾದ್ದೇ 337 ಕ್ವಿಂಟಲ್, ನಮ್ಮ ರೂಢಿ ಲೆಕ್ಕ ಹೇಳುವ ಹಾಗೆ 290 ಅಲ್ಲ. 82ರಲ್ಲಿ 47 ಕ್ವಿಂಟಲ್ ಇಲ್ಲೇ ಸಿಕ್ಕಿತು. ಅದು ಯಾವತ್ತೂ ಗೋದಾಮಿನೊಳಗೆ ಇರಲೇ ಇಲ್ಲ. ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಕೊನೆಗೆ ಬಂದ ಒಣ ಮಾಲಿನಲ್ಲಿ ವ್ಯತ್ಯಾಸ ಮೂರು ಕ್ವಿಂಟಲಷ್ಟೇ. ತುಂಬಾ ಹಸಿ ಇದ್ದ ಮೊದಲ 1,500ರಲ್ಲೇ 24 ಕ್ವಿಂಟಲ್ ಇದೆ. ಮಳೆ ಹಿಡಿದು ಹಸಿ ಮಾಲು ಜಾಸ್ತಿ ಬಂದ ವರ್ಷ ಗೋದಾಮಿನಲ್ಲಿ 'ಕಳ್ಳತನ'ವೂ ಜಾಸ್ತಿ ಆದ ಹಾಗೆ ಕಾಣುವುದು ಇದಕ್ಕೇ.

ಆಮೇಲೆ ಮಾರಿದ ಚೀಟಿಗಳನ್ನು ನೋಡಿದೆ. ಅದರಲ್ಲಿ 2,000 ಕ್ವಿಂಟಲ್ ಮಾಲು 13ರಲ್ಲಿ ಹೋಗಿತ್ತು. ಅದನ್ನು 14ರ ತೂಕಕ್ಕೆ ತಂದರೆ 2,023. ಅಂದರೆ ನಾವು ಬೇಕಾದ್ದಕ್ಕಿಂತ ಜಾಸ್ತಿ ಒಣಗಿಸಿ 23 ಕ್ವಿಂಟಲ್ ತೂಕ ಬಿಸಿಲಿಗೆ ಬಿಟ್ಟಿದ್ದೆವು. ಫ್ಯಾಕ್ಟರಿಯವರು ಅದಕ್ಕೆ ಒಂದು ಪೈಸೆಯೂ ಜಾಸ್ತಿ ಕೊಟ್ಟಿರಲಿಲ್ಲ. ಬೆಂಬಲ ಬೆಲೆಯ ಲೆಕ್ಕದಲ್ಲೇ ಐವತ್ತು ಸಾವಿರ ದಾಟುತ್ತದೆ. ಜೊತೆಗೆ ಆ ಹೆಚ್ಚಿನ ಒಣಗಿಸುವಿಕೆಗೆ ಕೂಲಿಯೂ ಕೊಟ್ಟಿದ್ದೇವೆ.

ಇನ್ನು ಉಳಿದದ್ದು ಹನ್ನೆರಡು ಕ್ವಿಂಟಲ್. ಗೋದಾಮಿನ ಅಣ್ಣನನ್ನೇ ಕರೆದು ಕೇಳಿದೆ: "ಅಣ್ಣಾ, ಜರಡಿ ಹಿಡಿದಾಗ ಬರೋ ಕಸ, ಚೂರು ಏನು ಮಾಡ್ತೀರಿ?" ಅವರು ಒಂದು ಸಣ್ಣ ಪುಸ್ತಕ ತಂದು ತೋರಿಸಿದರು. ಜರಡಿಯ ಚೂರು, ಸಿಪ್ಪೆ, ಧೂಳನ್ನೂ ತೂಕ ಹಾಕಿ ದನಕ್ಕೆ ಒಯ್ಯುವವರಿಗೆ ಕೊಟ್ಟ ದಿನ, ತೂಕ, ದುಡ್ಡು ಎಲ್ಲ ಬರೆದಿದ್ದರು. ದುಡ್ಡು ಕ್ಯಾಷ್ ಪುಸ್ತಕಕ್ಕೆ ಚಿಲ್ಲರೆ ಜಮಾ ಅಂತ ಬಂದಿತ್ತು, ತೂಕ ಮಾತ್ರ ಸ್ಟಾಕಿಗೆ ಬಂದಿರಲಿಲ್ಲ. ಒಂಬತ್ತು ಕ್ವಿಂಟಲ್. ಉಳಿದದ್ದು ಮೂರು.

ಆ ಮೂರನ್ನು ಹುಡುಕಬಹುದಾ? ಇಲ್ಲ, ಹುಡುಕಬಾರದು ಅಂತ ನನ್ನ ಅಭಿಪ್ರಾಯ. ಯಾಕೆಂದರೆ ಮೀಟರ್ ಅರ್ಧ ಪಾಯಿಂಟ್ ಹೆಚ್ಚುಕಮ್ಮಿ ತೋರಿಸಿದರೂ 4,500 ಕ್ವಿಂಟಲಿಗೆ 26 ಕ್ವಿಂಟಲ್ ಆಚೀಚೆ ಆಗುತ್ತದೆ. ಅಂಗಡಿಯಲ್ಲಿ ಇಟ್ಟುಕೊಳ್ಳುವ ಮೀಟರಿನಲ್ಲಿ ಅಷ್ಟು ವ್ಯತ್ಯಾಸ ಬರುವುದು ಸಾಮಾನ್ಯ. 20ಕ್ಕಿಂತ ಮೇಲಿನ ಹಸಿ ಕಾಳಿಗೆ ಇನ್ನೂ ಜಾಸ್ತಿ. ಹಾಗಾಗಿ 26ರ ಒಳಗಿನ ಶಾರ್ಟೇಜಿಗೆ ಒಬ್ಬ ಮನುಷ್ಯನನ್ನು ಹೊಣೆ ಮಾಡಲು ನಮ್ಮ ಅಂಕಿಗಳಿಗೆ ಶಕ್ತಿ ಇಲ್ಲ. ಅದೇ ಕಾರಣಕ್ಕೆ, ಮೂರೇ ಕ್ವಿಂಟಲ್ ಉಳಿದಿದೆ ನೋಡಿ ಎಂದು ಬೀಗುವುದಕ್ಕೂ ಆಗುವುದಿಲ್ಲ. ಎಲ್ಲವೂ ಮೀಟರಿನ ವ್ಯತ್ಯಾಸದ ಒಳಗೆ ಕೂತಿದೆ ಎಂದಷ್ಟೇ ಹೇಳಬಹುದು.

ನಿಜವಾಗಿ ಕಾಳು ಹೋಗಿದ್ದರೆ ಹೇಗೆ ಗೊತ್ತಾಗುತ್ತದೆ? ನೀರು ಹೋದರೆ ತೂಕ ಇಳಿಯುತ್ತದೆ, ಆದರೆ 14ಕ್ಕೆ ತಂದ ತೂಕ ಇಳಿಯುವುದಿಲ್ಲ. ಮೂಟೆ ಹೊರಗೆ ಹೋದರೆ ಎರಡೂ ಇಳಿಯುತ್ತವೆ. 14ಕ್ಕೆ ತಂದ ತೂಕದಲ್ಲೇ ಐವತ್ತೋ ಅರವತ್ತೋ ಕ್ವಿಂಟಲ್ ಕಮ್ಮಿ ಬಂದರೆ ಆಗ ಕೇಳಬೇಕು. ಆಗಲೂ ಮೊದಲು ಕಾಳನ್ನು ಬಿಡಿಸಿ ನೋಡಬೇಕು. ಹಸಿ ಇರುವಾಗಲೇ ಗುಡ್ಡೆ ಹಾಕಿದ ಕಾಳು ಒಳಗೆ ಬಿಸಿಯಾಗುತ್ತದೆ, ಬೂಸ್ಟು ಹಿಡಿಯುತ್ತದೆ, ಹುಳ ಬೀಳುತ್ತದೆ. ಆಗ ಒಣ ಕಾಳಿನ ತೂಕವೇ ಕರಗುತ್ತದೆ. ಗುಡ್ಡೆಯೊಳಗೆ ಕೈ ತೂರಿಸಿದರೆ ಬಿಸಿ ತಗುಲುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಅದು ಗೋದಾಮಿನ ಕಳ್ಳತನ ಅಲ್ಲ, ಒಣಗಿಸಲು ತಡ ಮಾಡಿದ್ದರ ನಷ್ಟ.

ಮರುದಿನ ಯಜಮಾನರ ಮುಂದೆ ಹಾಳೆ ಇಟ್ಟೆ. ಅವರು ಒಂದೇ ಸಲಕ್ಕೆ ಒಪ್ಪಲಿಲ್ಲ. "ನಮ್ಮ ಅಪ್ಪನ ಕಾಲದಿಂದ ಒಂದಕ್ಕೆ ಒಂದು ಕಳೀತಾ ಬಂದಿದೀವಿ" ಎಂದರು. ಮಾತಿನಲ್ಲಿ ಗೆಲ್ಲುವುದು ನನ್ನಿಂದ ಆಗದು ಅಂತ ನನಗೆ ಗೊತ್ತು. ಅದಕ್ಕೆ ಒಂದು ಕೆಲಸ ಮಾಡಿದೆ. ಹಿಂಗಾರಿನ ಹಸಿ ಮಾಲು ಅವತ್ತು ಸ್ವಲ್ಪ ಬಂದಿತ್ತು. ಅದರಲ್ಲಿ ಒಂದು ಮೂಟೆ ಬೇರೆ ಮಾಡಿ, ಸರಿಯಾಗಿ 50 ಕೆಜಿ ತೂಗಿ, ಮೀಟರ್ ನೋಡಿದೆವು, 22 ಇತ್ತು. ಅದನ್ನು ಬೇರೆಯಾಗಿಯೇ ತಾಡಪಾಲಿನ ಮೇಲೆ ಹರವಿ, 14 ಬಂದ ಮೇಲೆ ಒಂದು ಕಾಳೂ ಬಿಡದೆ ಮತ್ತೆ ತೂಗಿದೆವು. ರೂಢಿ ಪ್ರಕಾರ 46 ಕೆಜಿ ಇರಬೇಕಿತ್ತು. ಹೊಸ ಲೆಕ್ಕದಲ್ಲಿ 45.35. ತಕ್ಕಡಿಯಲ್ಲಿ 45.3 ಬಂತು. ಯಜಮಾನರೇ ಎದುರಿಗೆ ನಿಂತು ತೂಗಿಸಿದ್ದು. ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ, ಆಮೇಲೆ ಗೋದಾಮಿನ ಅಣ್ಣನನ್ನು ಕರೆದು, "ಕೂತ್ಕೋ, ಟೀ ಕುಡಿ" ಎಂದರು. ಕಮ್ಮಿ ಬಿದ್ದದ್ದನ್ನು ಆ ಅಣ್ಣನ ಸಂಬಳದಲ್ಲಿ ಹಿಡಿಯುವ ಮಾತು ಎತ್ತಲಿಲ್ಲ.

ಮಾರ್ಚ್ ಲೆಕ್ಕದಲ್ಲಿ ಇದು ಎರಡು ಕಡೆ ಬಂತು. ಒಂದು, ಉಳಿದ ಸ್ಟಾಕಿನ ಬೆಲೆ. ಒಣಗುವಾಗ ಹೋಗುವ ನೀರು ಈ ವ್ಯಾಪಾರದಲ್ಲಿ ಇದ್ದೇ ಇರುವ ನಷ್ಟ. ಹಾಗಾಗಿ ಅದರ ದುಡ್ಡು ಉಳಿದ ಕಾಳಿನ ಮೇಲೆಯೇ ಕೂರಬೇಕು. ಹಸಿ ಮಾಲನ್ನು ಸರಾಸರಿ 2,000 ರೂಪಾಯಿಯಂತೆ ಕೊಂಡಿದ್ದೇವೆ ಅಂತ ಹಿಡಿದರೆ 4,500 ಕ್ವಿಂಟಲಿಗೆ 90 ಲಕ್ಷ. ಅದನ್ನು 4,163ಕ್ಕೆ ಹಂಚಿದರೆ ಒಣ ಕ್ವಿಂಟಲಿನ ಬೆಲೆ ಸುಮಾರು 2,162. ಒಣಗಿಸಿದ ಕೂಲಿ ಅದರ ಮೇಲೆ. 2,000 ಅಂತಲೇ ಸ್ಟಾಕಿಗೆ ಬೆಲೆ ಕಟ್ಟಿದರೆ ಲಾಭ ಕಮ್ಮಿ ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದು, 2,100ಕ್ಕೆ ಮಾರಿ ನೂರು ರೂಪಾಯಿ ಉಳಿಯಿತು ಅಂದುಕೊಳ್ಳುತ್ತೇವೆ, ನಿಜವಾಗಿ ಕೈಯಿಂದ ಹೋಗಿರುತ್ತದೆ. ಕಳ್ಳತನ, ಬೆಂಕಿ, ನೆನೆದು ಕೊಳೆತದ್ದು ಮಾತ್ರ ಹೀಗೆ ಹಂಚಬಾರದು. ಅದನ್ನು ನೇರವಾಗಿ ನಷ್ಟಕ್ಕೆ ಬರೆಯಬೇಕು.

ಎರಡನೆಯದು ಟ್ಯಾಕ್ಸ್ ಆಡಿಟ್. ಆ ವರ್ಷದ ಆಡಿಟ್ಟಿಗೆ 3ಸಿಡಿ ಫಾರ್ಮಿನ 35ನೇ ಕಲಮಿನಲ್ಲಿ ವ್ಯಾಪಾರಿಗಳು ಹಿಂದಿನ ಸ್ಟಾಕು, ಖರೀದಿ, ಮಾರಾಟ, ಉಳಿದ ಸ್ಟಾಕು, ಶಾರ್ಟೇಜ್ ಎಷ್ಟು ಎಂದು ತೂಕದಲ್ಲಿ ಕೊಡಬೇಕಿತ್ತು. ಅಲ್ಲಿ ಕೊಂಡ ತೂಕ ಕೊಂಡ ಹಾಗೆಯೇ ಹೋಯಿತು, ಶಾರ್ಟೇಜ್ ದೊಡ್ಡದಾಗಿಯೇ ಕಂಡಿತು. ನಮ್ಮ ಆಡಿಟರ್ ಕೇಳಿದಾಗ ನೀರು, ಜರಡಿ ಕಸ, ಹೆಚ್ಚು ಒಣಗಿದ್ದು ಎಂದು ಬಿಡಿಸಿದ ಹಾಳೆಯನ್ನು ಚೀಟಿಗಳ ಕಟ್ಟಿನ ಜೊತೆ ಕೊಟ್ಟೆ. ಅವರು ಕೆಲವು ಚೀಟಿ ಹೆಕ್ಕಿ ತಾಳೆ ನೋಡಿ ಫೈಲಿಗೆ ಸೇರಿಸಿಕೊಂಡರು.

ಮುಂದಿನ ಸುಗ್ಗಿಗೆ ಮೊದಲು ಆ ಫ್ಯಾಕ್ಟರಿಯ ಅಣ್ಣನಿಗೆ ಸಂಜೆ ಹೊತ್ತು ಫೋನ್ ಮಾಡಿದೆ. ನಮ್ಮ ಮೀಟರನ್ನು ನಂಬಬಹುದಾ ಅಂತ ಹೇಗೆ ತಿಳಿಯುವುದು ಎಂದು ಕೇಳಿದೆ. ಕಣದಿಂದ ಬಿಸಿ ಬಿಸಿ ಎತ್ತಿದ ಕಾಳನ್ನು ಮೀಟರಿಗೆ ಹಾಕಬೇಡ, ನೆರಳಲ್ಲಿ ಆರಿದ ಮೇಲೆ ಹಾಕು ಎಂದರು. ಲಾರಿಯ ಮೇಲಿನ ಒಂದೇ ಮೂಟೆಯಿಂದ ತೆಗೆಯಬೇಡ, ಮೇಲೆ, ನಡುವೆ, ಅಡಿಯಲ್ಲಿ ಸ್ಯಾಂಪಲ್ ತೆಗೆಯುವ ಬೊಂಬು ಚುಚ್ಚಿ ತೆಗೆದು ಕಲಸಿ ನೋಡು. ಸುಗ್ಗಿ ಶುರುವಾಗುವಾಗ ಒಂದು ಹಸಿ, ಒಂದು ಒಣ ಸ್ಯಾಂಪಲ್ ಕಳಿಸಿಕೊಡು, ನಮ್ಮ ಲ್ಯಾಬಿನ ಓವನ್ನಿನಲ್ಲಿ ಒಣಗಿಸಿ ಎಷ್ಟು ಅಂತ ಹೇಳ್ತೀನಿ, ನಿಮ್ಮ ಮೀಟರ್ ಎಷ್ಟು ತಪ್ಪು ತೋರಿಸ್ತದೆ ಅಂತ ಗೊತ್ತಾಗ್ತದೆ ಎಂದರು. ಕಳಿಸಿದೆ. ನಮ್ಮ ಮೀಟರ್ ಒಣ ಕಾಳಿಗೆ ಸರಿ ಇತ್ತು, ತುಂಬಾ ಹಸಿ ಕಾಳಿಗೆ ಮುಕ್ಕಾಲು ಪಾಯಿಂಟ್ ಕಮ್ಮಿ ತೋರಿಸುತ್ತಿತ್ತು. ಅಂದರೆ ನಾವು ಕೊಳ್ಳುವಾಗಲೇ ನೀರಿಗೆ ದುಡ್ಡು ಕೊಡುತ್ತಿದ್ದೆವು. ಈಗ ಖರೀದಿ ಚೀಟಿಯಲ್ಲಿ ಮಾಯಿಶ್ಚರಿಗೆ ಬೇರೆ ಮನೆಯೇ ಅಚ್ಚಾಗಿದೆ. ಕಣದಲ್ಲಿ 14 ಮುಟ್ಟಿದ ತಕ್ಷಣ ಕಾಳು ಎತ್ತಿಸುವುದು ಗೋದಾಮಿನ ಅಣ್ಣನ ಜವಾಬ್ದಾರಿ. ಮೀಟರ್ ಅವರ ಕೈಯಲ್ಲೇ ಇರುತ್ತದೆ.